ನಾಲ್ಕು ಬದಿ ಸರಿ, ಮೂಲೆ ಸೊಟ್ಟ

ನಾನು ಸಿವಿಲ್ ಡಿಪ್ಲೊಮಾ ಮಾಡಿದವನು. ಹಗಲು ತುಮಕೂರಿನಲ್ಲಿ ಒಬ್ಬ ಕಂಟ್ರಾಕ್ಟರ್ ಹತ್ತಿರ ಸೈಟ್ ಸೂಪರ್‌ವೈಸರ್, ಸಂಜೆ ಮನೆ ಪ್ಲಾನ್, ಎಸ್ಟಿಮೇಟ್ ಹಾಕಿ ಕೊಡುತ್ತೇನೆ. ಮಂಜೂರಾತಿಗೆ ಹೋಗುವ ಪ್ಲಾನಿಗೆ ನೋಂದಣಿ ಇರುವ ಎಂಜಿನಿಯರ್ ಸಹಿ ಬೇಕು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಳೆದ ವರ್ಷ ಒಬ್ಬರು 30x40 ಸೈಟಿನ ಪತ್ರ ತಂದರು. ಅಗಲ 24 ಅಡಿ ಮನೆ, ಎರಡೂ ಪಕ್ಕ 3 ಅಡಿ ಜಾಗ ಅಂತ ಮಾತಾಯಿತು. "ಪತ್ರದಲ್ಲಿ ಅಳತೆ ಇದೆಯಲ್ಲ ಸಾರ್, ಅದರ ಮೇಲೇ ಹಾಕಿ ಕೊಡಿ" ಅಂದರು. ಸೈಟ್ ಅಳೆಯದೆ ನಾನು ಗೆರೆ ಎಳೆಯುವುದಿಲ್ಲ. ಭಾನುವಾರ ಸ್ಟೀಲ್ ಟೇಪ್ ಹಿಡಿದು ಹೋದೆ. ಬಟ್ಟೆ ಟೇಪ್ ಎಳೆದಷ್ಟೂ ಹಿಗ್ಗುತ್ತದೆ, ಅದನ್ನು ಇದಕ್ಕೆ ನಂಬಬಾರದು.

ಕಲ್ಲಿಂದ ಕಲ್ಲಿಗೆ ನಾಲ್ಕು ಬದಿಯೂ ಪತ್ರದಂತೆಯೇ ಬಂತು. ಅವರಿಗೆ ಖುಷಿ. ಆದರೆ ಮೂಲೆಯಿಂದ ಮೂಲೆಗೆ ಹಿಡಿದರೆ ಒಂದು ಕಡೆ 51 ಅಡಿ, ಇನ್ನೊಂದು ಕಡೆ 49. ಮೂಲೆಮಟ್ಟ ಇರುವ 30x40 ಸೈಟಿನಲ್ಲಿ ಎರಡೂ 50 ಅಡಿ ಬರಬೇಕು. ಒಂದೇ ಕಲ್ಲು ಸರಿದಿದ್ದರೆ ಬದಿಯ ಅಳತೆಯೇ ತಪ್ಪುತ್ತಿತ್ತು. ಇಲ್ಲಿ ಬದಿ ಎಲ್ಲ ಸರಿ ಇದ್ದು ಸೈಟೇ ವಾಲಿತ್ತು, ಹಿಂದಿನ ಗೆರೆ ಸುಮಾರು 1 ಅಡಿ 8 ಇಂಚು ಬಲಕ್ಕೆ ಹೋಗಿತ್ತು. ಪಕ್ಕದವರ ಕಾಂಪೌಂಡೂ ಅದೇ ವಾಲಿಗೆ ಎದ್ದಿತ್ತು. ವಿಸ್ತೀರ್ಣ ಒಂದು ಚದರ ಅಡಿಯಷ್ಟು ಕಮ್ಮಿ, ಅದಕ್ಕೆ ಯಾರ ಜೊತೆಗೂ ಜಗಳ ಬೇಕಿರಲಿಲ್ಲ.

ತೊಂದರೆ ಇರುವುದು ಪಾಯ ಗುರುತು ಹಾಕುವಾಗ. ಮನೆಯನ್ನು ರಸ್ತೆಗೆ ನೇರ ಮಾಡಿ ಮುಂದಿನ ಮೂಲೆಗಳಲ್ಲಿ ಎರಡೂ ಪಕ್ಕ 3 ಅಡಿ ಬಿಟ್ಟು ಶುರು ಮಾಡಿದರೆ, ಹಿಂದಿನ ಮೂಲೆಗೆ ಹೋಗುವಷ್ಟರಲ್ಲಿ ಎಡಗಡೆ ಒಂದೂ ಮುಕ್ಕಾಲು ಅಡಿಯೂ ಸರಿಯಾಗಿ ಉಳಿಯುವುದಿಲ್ಲ, ಬಲಗಡೆ ನಾಲ್ಕೂ ಕಾಲು ದಾಟುತ್ತದೆ. ಆ ಸಂದಿಯಲ್ಲಿ ಪೈಪು ಹಾಕಲು, ಗೋಡೆ ಗಾರೆ ಮಾಡಲು ಆಳು ನುಗ್ಗುವುದೇ ಕಷ್ಟ. ಗೋಡೆಗಳನ್ನೇ ಸೈಟಿನಂತೆ ವಾಲಿಸೋಣ ಅಂದರೆ ಪ್ರತಿ ಕೋಣೆಯಲ್ಲೂ ಟೈಲ್ಸ್ ಅಂಚಿಗೆ ಓರೆ ಕಟ್ ಬರುತ್ತದೆ, ಮಂಚ, ಬೀರು ಯಾವುದೂ ಗೋಡೆಗೆ ಕೂರುವುದಿಲ್ಲ.

ಹಾಗಾಗಿ ಮನೆಯನ್ನು ಉದ್ದ ಬದಿಗೆ ಸಮಾನಾಂತರ ಇಟ್ಟೆ, ಮೂಲೆಗಳನ್ನು ಮಟ್ಟಕ್ಕೆ ಇಟ್ಟೆ. ಪಕ್ಕದ 3 ಅಡಿ ಎರಡೂ ಕಡೆ ಪೂರ್ತಿ ಉಳಿಯಿತು. ರಸ್ತೆ ಕಡೆ 24 ಅಡಿಗೆ 1 ಅಡಿ ಓರೆ ಬಂತು, ಒಂದು ತುದಿಯಲ್ಲಿ 5 ಅಡಿ, ಇನ್ನೊಂದರಲ್ಲಿ 6. ಯಜಮಾನರಿಗೆ ಇದು ಹಿಡಿಸಲಿಲ್ಲ, "ಮನೆ ರಸ್ತೆಗೆ ಸೊಟ್ಟ ಕಾಣುತ್ತಲ್ವಾ?" ಅಂದರು. ಸುಣ್ಣದಲ್ಲಿ ನೆಲದ ಮೇಲೆ ಎರಡು ಗುರುತನ್ನೂ ಹಾಕಿ ತೋರಿಸಿ, ಆ ಎಡಗಡೆ ಸಂದಿಯಲ್ಲಿ ಒಮ್ಮೆ ಅಡ್ಡ ನಿಲ್ಲಿ ಅಂದೆ. ನಿಂತು ನೋಡಿದ ಮೇಲೆ ಮಾತಾಡಲಿಲ್ಲ.

ಮನೆ 24x31 ಅಡಿಗೆ ಕೂತಿತು. ಡ್ರಾಯಿಂಗಿನಲ್ಲಿ ಮೂಲೆಯಿಂದ ಮೂಲೆಗೆ 39 ಅಡಿ 2½ ಇಂಚು ಅಂತ ದಪ್ಪ ಅಕ್ಷರದಲ್ಲಿ ಬರೆದೆ, ಎರಡೂ ಕಡೆ ಇಷ್ಟೇ ಬರುವ ತನಕ ಗೂಟ ಹೊಡೆಯಬೇಡಿ ಅಂತ ಮೇಸ್ತ್ರಿಗೂ ಹೇಳಿ ಬಂದೆ.