ರೈಟ್ಸ್ ಇಶ್ಯೂನಲ್ಲಿ ಒಂದು ಹಕ್ಕಿನ ಬೆಲೆ ಎಷ್ಟು?

ಷೇರು ಬ್ರೋಕರ್ ಕಚೇರಿಯಲ್ಲಿ ಗ್ರಾಹಕರ ಫೋನ್ ತೆಗೆದುಕೊಳ್ಳುವುದು ನನ್ನ ಕೆಲಸ. ಕಂಪನಿ ತನ್ನ ಷೇರುದಾರರಿಗೇ ಹೊಸ ಷೇರನ್ನು ಸಾಮಾನ್ಯವಾಗಿ ಪೇಟೆಗಿಂತ ಕಮ್ಮಿ ಬೆಲೆಗೆ ಕೊಳ್ಳುವ ಹಕ್ಕು ಕೊಡುವುದು ರೈಟ್ಸ್ ಇಶ್ಯೂ. ಯಾವುದಾದರೂ ಷೇರು ಎಕ್ಸ್-ರೈಟ್ಸ್ ಆದ ದಿನ, ಅಂದರೆ ಆ ಹಕ್ಕು ಕಳಚಿಕೊಂಡು ಷೇರು ಮಾತ್ರ ವ್ಯಾಪಾರವಾಗತೊಡಗುವ ದಿನ, ಎರಡು ಬಗೆಯ ಕರೆ ಬಂದೇ ಬರುತ್ತವೆ. ಒಬ್ಬರು, "ಬೆಳಿಗ್ಗೆ ನೋಡಿದ್ರೆ ಷೇರು ಬಿದ್ದಿದೆ, ಏನಾಯ್ತು?" ಅಂತ ಗಾಬರಿ. ಇನ್ನೊಬ್ಬರು, "ಪೇಟೆ ಬೆಲೆಗಿಂತ 50 ರೂಪಾಯಿ ಕಮ್ಮಿಗೆ ಕೊಡ್ತಿದಾರೆ, ಒಂದೊಂದು ಹೊಸ ಷೇರಿಗೂ 50 ಲಾಭ ಅಲ್ವಾ?" ಅಂತ ಖುಷಿ. ಗಾಬರಿಯೂ ಬೇಡ, ಅಷ್ಟೊಂದು ಖುಷಿಯೂ ಬೇಡ.

ಒಂದು ಲೆಕ್ಕ ಹಿಡಿಯೋಣ. ಷೇರಿನ ಬೆಲೆ 240. ಕಂಪನಿ 4 ಹಳೆ ಷೇರಿಗೆ 1 ಹೊಸ ಷೇರನ್ನು 190ಕ್ಕೆ ಕೊಡುತ್ತದೆ. 4 ಹಳೆ ಷೇರಿನ ಬೆಲೆ 960. ಹೊಸದಕ್ಕೆ ಕಂಪನಿಯೊಳಗೆ ಬರುವ ದುಡ್ಡು 190. ಒಟ್ಟು 1,150. ಈಗ ಇದು 5 ಷೇರಿಗೆ ಹಂಚಿಹೋಗುತ್ತದೆ. ಒಂದಕ್ಕೆ 230. ಇದೇ ಲೆಕ್ಕದ ಎಕ್ಸ್-ರೈಟ್ಸ್ ಬೆಲೆ. ಕಮ್ಮಿ ಬೆಲೆಯ ದುಡ್ಡು ಬೆರೆತು ಸರಾಸರಿ ಇಳಿಯಿತು, ಅಷ್ಟೇ.

ಹೊಸ ಷೇರು ಕೈಗೆ ಬಂದಾಗ ಅದರ ಬೆಲೆ 230, ನೀವು ಕೊಟ್ಟದ್ದು 190. ಹಾಗಾಗಿ ಒಂದು ಹೊಸ ಷೇರು ಕೊಳ್ಳುವ ಹಕ್ಕಿನ ಬೆಲೆ 40, 50 ಅಲ್ಲ. 240ರಿಂದ ಕಳೆಯುವವರು ಇಲ್ಲೇ ಎಡವುತ್ತಾರೆ. ಹೊಸ ಷೇರು ಹುಟ್ಟುವ ಹೊತ್ತಿಗೆ 240ರ ಷೇರು ಇರುವುದೇ ಇಲ್ಲ.

ಇನ್ನೊಂದು ಗೊಂದಲ ಇದಕ್ಕಿಂತ ಜಾಸ್ತಿ ಕಾಡುತ್ತದೆ. "ಒಂದು ಹಕ್ಕು" ಅಂತ ಇಬ್ಬರು ಹೇಳಿದರೆ ಇಬ್ಬರ ಮನಸ್ಸಿನಲ್ಲೂ ಒಂದೇ ವಸ್ತು ಇರಬೇಕಾಗಿಲ್ಲ. ಒಬ್ಬರು ಒಂದು ಹೊಸ ಷೇರು ಕೊಳ್ಳುವ ಹಕ್ಕು ಅಂದುಕೊಂಡಿರುತ್ತಾರೆ, ಅದು 40. ಇನ್ನೊಬ್ಬರು ಒಂದು ಹಳೆ ಷೇರಿಗೆ ಅಂಟಿಕೊಂಡಿರುವ ಹಕ್ಕು ಅಂದುಕೊಂಡಿರುತ್ತಾರೆ, ಅದು 40ರ ಕಾಲು ಭಾಗ, ಅಂದರೆ 10. ಷೇರು 240ರಿಂದ 230ಕ್ಕೆ ಇಳಿದದ್ದೂ ಇದೇ 10. ಬಿದ್ದದ್ದಲ್ಲ, ಹಕ್ಕು ಬೇರೆಯಾಗಿ ಹೊರಗೆ ಬಂತು.

ಈ 10ನ್ನು ನೇರವಾಗಿಯೂ ತೆಗೆಯಬಹುದು. ಕೈಯಲ್ಲಿರುವುದು ಹಕ್ಕು ಸೇರಿದ ಬೆಲೆಯಾದರೆ 240ರಲ್ಲಿ 190 ಕಳೆದು 5ರಿಂದ ಭಾಗಿಸಿ. ಹಕ್ಕು ಕಳಚಿದ ಬೆಲೆಯಾದರೆ 230ರಲ್ಲಿ 190 ಕಳೆದು 4ರಿಂದ ಭಾಗಿಸಿ. ಎರಡರಲ್ಲೂ 10 ಬರುತ್ತದೆ. 230 ಹಿಡಿದು 5ರಿಂದ ಭಾಗಿಸಿದರೆ 8 ಬರುತ್ತದೆ. ಯಾರದಾದರೂ ಎಕ್ಸೆಲ್ ಶೀಟಿನಲ್ಲಿ ಹಕ್ಕಿನ ಬೆಲೆ ಸ್ವಲ್ಪ ಕಮ್ಮಿ ಕಂಡರೆ ನಾನು ಮೊದಲು ನೋಡುವುದು ಆ ಭಾಗಿಸುವ ಸಂಖ್ಯೆಯನ್ನೇ.

ಈಗ 400 ಷೇರು ಇಟ್ಟುಕೊಂಡ ಗ್ರಾಹಕರನ್ನು ತೆಗೆದುಕೊಳ್ಳಿ. ಮೊದಲು ಅವರ ಆಸ್ತಿ 96,000. ಅವರಿಗೆ 100 ಹೊಸ ಷೇರಿನ ಹಕ್ಕು ಸಿಗುತ್ತದೆ. ಪೂರ್ತಿ ಕೊಂಡರೆ 500 ಷೇರಿಗೆ 1,15,000. ಅದರಲ್ಲಿ ಕೈಯಿಂದ ಹಾಕಿದ 19,000 ಕಳೆದರೆ ಮತ್ತೆ 96,000. ಹಕ್ಕನ್ನು ಮಾರಿದರೆ 4,000 ನಗದು, ಷೇರು 92,000, ಅಲ್ಲಿಗೂ 96,000. ಸುಮ್ನೆ ಕೂತರೆ ಮಾತ್ರ 92,000. ಉಳಿದ ಹಕ್ಕನ್ನು ಕಂಪನಿ ಮಾರಿ ದುಡ್ಡು ತಲುಪಿಸುವ ವ್ಯವಸ್ಥೆ ಇಲ್ಲದಿದ್ದರೆ, ಆ 4,000 ಬಿಟ್ಟ ಷೇರನ್ನು 190ಕ್ಕೆ ಪಡೆದವರ ಪಾಲು. "ನಂಗೆ ಬೇಡ, ಬಿಟ್ಬಿಡಿ" ಅನ್ನುವವರಿಗೆ ನಾನು ಈ ಸಾಲನ್ನು ಎರಡು ಸಲ ಓದಿ ಹೇಳುತ್ತೇನೆ.

ಕೈಯಿಂದ ದುಡ್ಡು ಹಾಕಲು ಇಷ್ಟವಿಲ್ಲ, ಆದರೆ ಷೇರೂ ಬೇಕು ಅನ್ನುವವರಿಗೆ ನಡುದಾರಿ ಇದೆ. 83 ಹಕ್ಕು ಮಾರಿದರೆ 3,320 ಬರುತ್ತದೆ. ಅದರಲ್ಲಿ 17 ಹೊಸ ಷೇರಿಗೆ 3,230 ಕಟ್ಟಿ 90 ಉಳಿಸಿಕೊಳ್ಳಬಹುದು. ಬ್ರೋಕರೇಜ್ ಬಿಟ್ಟರೆ ಇಲ್ಲೂ ಒಟ್ಟು 96,000ವೇ.

ಇವೆಲ್ಲ ಕಾಗದದ ಮೇಲಿನ ಬೆಲೆ. ಬಂದ ದುಡ್ಡನ್ನು ಕಂಪನಿ ಸಾಲ ತೀರಿಸಲು ಬಳಸುತ್ತದೋ ಹೊಸ ಕೆಲಸಕ್ಕೋ ಎಂಬುದರ ಮೇಲೆ ಪೇಟೆ 230ರ ಆಚೆಗೋ ಈಚೆಗೋ ಹೋಗುತ್ತದೆ. ಷೇರು 190ಕ್ಕಿಂತ ಕೆಳಗೆ ಹೋದರೆ ಹಕ್ಕು ಚಲಾಯಿಸಿ ಪ್ರಯೋಜನವಿಲ್ಲ, ಪೇಟೆಯಲ್ಲೇ ಅಗ್ಗ. ಕೊನೆಯ ದಿನಾಂಕದ ತನಕ ಕಾದು ನೋಡುವ ಅವಕಾಶಕ್ಕೂ ಬೆಲೆ ಇರುವುದರಿಂದ ಹಕ್ಕು ಕೆಲವೊಮ್ಮೆ 40ಕ್ಕಿಂತ ಸ್ವಲ್ಪ ಮೇಲೆ ನಡೆಯುತ್ತದೆ. ಇನ್ನೊಂದು ಕಾರಣವನ್ನೂ ನೋಡಬೇಕು: ಮುಂದಿನ ಡಿವಿಡೆಂಡ್ ಹೊಸ ಷೇರಿಗೆ ಇಲ್ಲ ಎಂದಿದ್ದರೆ ಹಕ್ಕಿನ ಬೆಲೆ ಅದಕ್ಕೆ ತಕ್ಕಂತೆ ಇಳಿದಿರುತ್ತದೆ.

ಹೊರಗಿನಿಂದ ಹಕ್ಕು ಕೊಳ್ಳುವವರು ಕೇಳಿದರೆ ನಾನು ಒಂದೇ ಕೂಡಿಸುವ ಲೆಕ್ಕ ಹೇಳುತ್ತೇನೆ. ಹಕ್ಕು 45ಕ್ಕೆ ನಡೆಯುತ್ತಿದೆ ಅನ್ನಿ. ಅದಕ್ಕೆ 190 ಸೇರಿಸಿದರೆ 235. ಷೇರು ಪೇಟೆಯಲ್ಲಿ 230ಕ್ಕೇ ಸಿಗುತ್ತಿದ್ದರೆ, ಷೇರು ಇಟ್ಟುಕೊಳ್ಳುವುದಷ್ಟೇ ಉದ್ದೇಶವಾದವರು ಹಕ್ಕಿನ ಗೋಜಿಗೆ ಹೋಗದೆ ನೇರ ಷೇರನ್ನೇ ಕೊಳ್ಳಲಿ.