ಎರಡೂ ಪ್ಲಸ್ ಬಂದ ಲೆಕ್ಕ

ಮಂಡ್ಯದಲ್ಲಿ ಹತ್ತನೇ ತರಗತಿಯ ಮಕ್ಕಳ ಸಂಜೆ ಪಾಠ. ವರ್ಗ ಸಮೀಕರಣ ಬಿಡಿಸುವುದು ಮುಗಿದು, ಅವತ್ತು ವಾಕ್ಯರೂಪದ ಲೆಕ್ಕ. 40 ಮೀಟರ್ ಉದ್ದ, 30 ಮೀಟರ್ ಅಗಲದ ಕಬ್ಬಿನ ಗದ್ದೆ. ಒಳಗಡೆ ನಾಲ್ಕೂ ಅಂಚಿಗೆ ಒಂದೇ ಅಗಲದ ದಾರಿ ಬಿಟ್ಟರೆ ಬೆಳೆಗೆ 600 ಚದರ ಮೀಟರ್ ಉಳಿಯುತ್ತದೆ. ದಾರಿಯ ಅಗಲ ಎಷ್ಟು? ಹನ್ನೆರಡು ಗುಂಟೆಯಷ್ಟು ಜಾಗದಲ್ಲಿ ಅರ್ಧ ದಾರಿಗೇ ಬಿಡುವ ರೈತ ನಮ್ಮ ಕಡೆ ಸಿಗಲಾರ, ಇರಲಿ.

ದಾರಿಯ ಅಗಲ x ಅಂದರೆ ಪ್ರತಿ ಅಳತೆಯಿಂದಲೂ ಎರಡು ಬದಿಯ x ಕಳೆಯಬೇಕು:

(40 − 2x)(30 − 2x) = 600

ಬಿಡಿಸಿ 4ರಿಂದ ಭಾಗಿಸಿದರೆ x² − 35x + 150 = 0, ಅಂದರೆ (x − 5)(x − 30) = 0. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಕೂಗು: "ಸಾ, ಎರಡೂ ಪ್ಲಸ್ಸೇ ಬಂದವೆ, ಯಾವ್ದ ಬಿಡದು?"

ಮೈನಸ್ ಬಂದದ್ದನ್ನು ಬಿಡು ಎಂದಷ್ಟೇ ಕಲಿತವರು ಸಿಕ್ಕಿಬೀಳುವುದು ಇಲ್ಲೇ. 30 ಹಾಕಿ ನೋಡಿದರೆ ಉದ್ದ 40 − 60 = −20, ಅಗಲ 30 − 60 = −30. ಎರಡನ್ನೂ ಗುಣಿಸಿದರೆ ಸರಿಯಾಗಿ 600! ಸಮೀಕರಣಕ್ಕೆ ಗೊತ್ತಿರುವುದು ಗುಣಲಬ್ಧ ಮಾತ್ರ; ಬದಿಗಳು ಮೈನಸ್ ಆಗಬಾರದೆಂದು ಅದಕ್ಕೆ ಯಾರೂ ಹೇಳಿಲ್ಲ. ಹಾಗಾಗಿ ಬಿಡಿಸುವ ಮೊದಲೇ ಪಕ್ಕದಲ್ಲಿ ಬರೆದುಕೊಳ್ಳಬೇಕು: 30 − 2x > 0, ಆದ್ದರಿಂದ 0 < x < 15. ಚಿಕ್ಕ ಬದಿಯನ್ನು ನೋಡಿದರೆ ಸಾಕು, ಅದು ಉಳಿದರೆ ದೊಡ್ಡದೂ ಉಳಿದೇ ಉಳಿಯುತ್ತದೆ. ಈಗ 30 ತಾನಾಗಿ ಹೊರಬೀಳುತ್ತದೆ, ಉತ್ತರ 5 ಮೀಟರ್.

ಈ ಗೆರೆಯೂ ಹಿಡಿಯಲಾರದ ತಪ್ಪೊಂದಿದೆ. ಕೆಲವರು 2x ಬದಲು x ಮಾತ್ರ ಕಳೆದಿದ್ದರು. ಆಗ x² − 70x + 600 = 0, ಮೂಲಗಳು 10 ಮತ್ತು 60. ಪೂರ್ಣಾಂಕ ಬಂತಲ್ಲ ಅಂತ ಖುಷಿಯಲ್ಲಿ 60 ಬಿಟ್ಟು 10 ಬರೆದಿದ್ದರು. ಅದು ಎರಡೂ ಬದಿಯ ದಾರಿ ಸೇರಿದ ಅಗಲ. ಚಿತ್ರ ಬರೆದು 10 ಗುರುತಿಸಿದರೆ ಉಳಿಯುವುದು 20 × 10 = 200, 600 ಅಲ್ಲ. ಮೂಲವನ್ನು ತಾವೇ ಬರೆದ ಸಮೀಕರಣಕ್ಕಲ್ಲ, ಪ್ರಶ್ನೆಯ ಮಾತಿಗೇ ಹಾಕಿ ತಾಳೆ ನೋಡಬೇಕು.

ಕೊನೆಗೆ ಬಸ್ಸಿನ ಲೆಕ್ಕ. ಮಂಡ್ಯದಿಂದ ಮೈಸೂರಿಗೆ 45 ಕಿ.ಮೀ. ಎಂದಿಟ್ಟುಕೊಳ್ಳಿ, ವೇಗ ಗಂಟೆಗೆ 15 ಕಿ.ಮೀ. ಹೆಚ್ಚಿಸಿದರೆ ಅರ್ಧ ಗಂಟೆ ಉಳಿಯುತ್ತದೆ. ಮೊದಲಿನ ವೇಗ ಎಷ್ಟು? ಅದು v ಅಂದರೆ 45/v − 45/(v + 15) = 1/2, ಬಿಡಿಸಿದರೆ v² + 15v − 1350 = 0; ಮೂಲಗಳು 30 ಮತ್ತು −45. ವೇಗ ಮೈನಸ್ ಆಗದು, −45 ಬಿಟ್ಟೆವು. ಆದರೆ ಹೆಚ್ಚಿಸಿದ ವೇಗ 30 + 15 = 45 ಅಲ್ಲವೇ? ಅದನ್ನೇ v ಅಂದುಕೊಂಡು ಮತ್ತೆ ಮಾಡಿದರೆ 45 ಮತ್ತು −30 ಬರುತ್ತದೆ. ಬಿಟ್ಟ ಮೂಲದ ಚಿಹ್ನೆ ತಿರುಗಿಸಿದಾಗ ಇನ್ನೊಂದು ವೇಗ ಸಿಗದಿದ್ದರೆ, ಈ ಬಗೆಯ ಲೆಕ್ಕದಲ್ಲಿ ಎಲ್ಲೋ ಕೈ ತಪ್ಪಿದೆ ಅಂತಲೇ ಲೆಕ್ಕ.