ಕೋರ್ ಫೇಲಾದ ಸ್ಲ್ಯಾಬಿನ ಮೇಲೆ ಮರಳು ಮೂಟೆ

ಶಾಲಾ ಕಟ್ಟಡವೊಂದರ ಮೊದಲ ಮಹಡಿಯ ಸ್ಲ್ಯಾಬಿನಿಂದ ಬಲ ಪರೀಕ್ಷೆಗೆ ಉರುಳೆಯಾಕಾರದಲ್ಲಿ ಕೊರೆದು ತೆಗೆದ ಮೂರು ಕೋರ್‌ಗಳ ಫಲಿತಾಂಶ ಬಂತು: 18.1, 16.5, 14.2 ಎಂಪಿಎ. ಹಾಕಿದ್ದು ಎಂ20, ಅಂದರೆ 20 ಎಂಪಿಎ ಗ್ರೇಡಿನ ಕಾಂಕ್ರೀಟು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸರಾಸರಿ ಗ್ರೇಡಿನ ಶೇ 85 ಆದರೂ ಇರಬೇಕು, ಅಂದರೆ 17. ಯಾವ ಕೋರೂ ಶೇ 75ಕ್ಕಿಂತ, ಅಂದರೆ 15ಕ್ಕಿಂತ ಇಳಿಯಬಾರದು. ಇಲ್ಲಿ ಸರಾಸರಿ 16.3. ಎರಡು ಲೆಕ್ಕದಲ್ಲೂ ಫೇಲು.

ಮೊದಲು ನೋಡಿದ್ದು ಲ್ಯಾಬಿನ ತಿದ್ದುಪಡಿಗಳನ್ನು. ಉದ್ದ ಕಡಿಮೆಯಿರುವ ಕೋರ್ ಯಂತ್ರದಲ್ಲಿ ಹೆಚ್ಚು ತಡೆಯುತ್ತದೆ, ಆದ್ದರಿಂದ ಅದರ ಅಂಕಿಯನ್ನು ಇಳಿಸಬೇಕು, ಆಮೇಲೆ 1.25ರಿಂದ ಗುಣಿಸಿದರೆ ಗ್ರೇಡನ್ನು ಅಳೆಯುವ ಕ್ಯೂಬಿನ ಲೆಕ್ಕ. ಲ್ಯಾಬು ಗುಣಿಸಿ ಕೊಟ್ಟದ್ದನ್ನು ಸೈಟಿನಲ್ಲಿ ಮತ್ತೊಮ್ಮೆ ಗುಣಿಸಿ 'ಪಾಸು' ಮಾಡುವುದು ಉಂಟು. ಇಲ್ಲಿ ಲೆಕ್ಕ ಸರಿಯಿತ್ತು.

ಒಡೆದುಹಾಕುವ ಮಾತೂ ಬಂತು. ಆದರೆ 125 ಮಿ.ಮೀ. ದಪ್ಪದ ಸ್ಲ್ಯಾಬಿನಲ್ಲಿ 10 ಮಿ.ಮೀ. ಕಂಬಿ 150 ಮಿ.ಮೀ. ಅಂತರಕ್ಕಿದ್ದರೆ, ಕಾಂಕ್ರೀಟನ್ನು 20ರ ಬದಲು 16 ಎಂದು ಹಿಡಿದರೂ ಬಾಗುವ ಸಾಮರ್ಥ್ಯ ಇಳಿಯುವುದು ಶೇ 3ರಷ್ಟು ಮಾತ್ರ. ಅಲ್ಲಿ ಭಾರ ಹೊರುವುದರಲ್ಲಿ ಕಂಬಿಯದೇ ಮೇಲುಗೈ. ಹಾಗಾಗಿ 14.2 ಬಂದ ಅಂಕಣದಲ್ಲೇ ಭಾರ ಹೇರಿ ನೋಡುವ ಲೋಡ್ ಟೆಸ್ಟ್ ಮಾಡುವುದೆಂದಾಯಿತು.

ತರಗತಿಗೆ ಹಿಡಿದ ಚರಭಾರ, ಅಂದರೆ ಜನ, ಸಾಮಾನುಗಳ ಭಾರ, ಚದರ ಮೀಟರಿಗೆ 3 ಕಿಲೋನ್ಯೂಟನ್. ಪರೀಕ್ಷೆಗೆ ಅದರ 1.25 ಪಟ್ಟು, ಅಂದರೆ 3.75, ಸುಮಾರು 380 ಕೆ.ಜಿ. ಮರಳು. ನೆಲಹಾಸು ಇನ್ನೂ ಹಾಕಿರಲಿಲ್ಲವಾದ್ದರಿಂದ ಅದರ ತೂಕದ ಮೂಟೆಗಳನ್ನು ಮೊದಲು ಇಟ್ಟು, ಆಮೇಲೆ ಬಾಗು ಅಳೆಯುವ ಡಯಲ್ ಗೇಜಿನ ಸೊನ್ನೆ ಓದಬೇಕು. ಅಳೆಯಬೇಕಾದದ್ದು ಚರಭಾರದಿಂದಾದ ಬಾಗು ಮಾತ್ರ. ಮೂಟೆಗಳನ್ನು ಒತ್ತೊತ್ತಾಗಿ ಪೇರಿಸಿದರೆ ಅವು ಕಮಾನಿನಂತೆ ನಿಂತು ಭಾರವನ್ನು ಗೋಡೆಗೆ ಸಾಗಿಸಿಬಿಡುತ್ತವೆ. ರಾಶಿಗಳ ನಡುವೆ ಸಂದು ಬಿಡಲೇಬೇಕು. ಸ್ಲ್ಯಾಬು ಕುಸಿದರೆ ಹಿಡಿಯಲು ಕೆಳಗೆ ಜಾಕಿಗಳಿದ್ದವು, ಸ್ಲ್ಯಾಬಿಗೆ ತಾಗದಷ್ಟು ಕೆಳಗೆ. ಗೇಜುಗಳಿಗೆ ಬೇರೆಯದೇ ಸ್ಟ್ಯಾಂಡು.

ಮಿತಿ `40 l²/D`: l ಅಂದರೆ ಸ್ಪ್ಯಾನು ಮೀಟರಿನಲ್ಲಿ, D ಅಂದರೆ ದಪ್ಪ ಮಿ.ಮೀ.ನಲ್ಲಿ. 3.5 ಮೀಟರ್ ಸ್ಪ್ಯಾನಿಗೆ 3.92 ಮಿ.ಮೀ. ಬಾಗು ಇದಕ್ಕಿಂತ ಕಡಿಮೆಯಿದ್ದರೆ ಭಾರ ಇಳಿಸಿದ ಮೇಲೆ ಸ್ಲ್ಯಾಬು ಎಷ್ಟು ಮರಳಿತು ಎಂದು ನೋಡುವ ಅಗತ್ಯವೇ ಇಲ್ಲ. ಈ ಸೂತ್ರದಲ್ಲೊಂದು ವಿಚಿತ್ರವಿದೆ: ಸ್ಲ್ಯಾಬು ತೆಳುವಾದಷ್ಟೂ ಮಿತಿ ಸಡಿಲ. ಕೋರ್ ರಂಧ್ರದಲ್ಲಿ ದಪ್ಪ 115 ಕಂಡಿದ್ದರೆ ಮಿತಿ 4.26ಕ್ಕೆ ಏರುತ್ತಿತ್ತು. ಅಂಥಲ್ಲಿ ಈ ಸಡಿಲಿಕೆಯನ್ನು ಬಳಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

24 ಗಂಟೆಯ ಬಳಿಕ ಗೇಜು 4.6 ತೋರಿಸಿತು. ಮೂಟೆ ಇಳಿಸಿ ಇನ್ನೊಂದು 24 ಗಂಟೆ ಕಳೆದಾಗ 1.3 ಉಳಿದಿತ್ತು, ಮರಳಿದ್ದು ಶೇ 72. ಬೇಕಾದದ್ದು 75. ಆದರೆ 72 ಗಂಟೆ ಬಿಟ್ಟು ಇನ್ನೊಮ್ಮೆ ಪರೀಕ್ಷಿಸಲು ಅವಕಾಶವಿದೆ, ಆಗ ಶೇ 80 ಮರಳಬೇಕು. ಮೊದಲ ಸಲದ ಸಣ್ಣ ಬಿರುಕುಗಳು, ಆಧಾರದ ಮೇಲೆ ಕೂತುಕೊಳ್ಳುವಿಕೆ ಎರಡನೇ ಸಲ ಅಷ್ಟಾಗಿ ಇರುವುದಿಲ್ಲ. ಬಾಗು 4.1, ಉಳಿದದ್ದು 0.5: ಶೇ 88. ಪಾಸು.

ಈ ಪಾಸು ಬಾಗುವ ಬಲದ್ದು ಮಾತ್ರ. 14.2 ಬಂದ ಕೋರಿನ ಅಡಿಯಲ್ಲಿ ಜೇನುಗೂಡಿನಂತೆ ತೂತುಗಳಿದ್ದವು. ಕಂಬಿಗೆ ತುಕ್ಕು ಹಿಡಿಯದಂತೆ ಆ ಭಾಗಕ್ಕೆ ತೂತು ತುಂಬುವ ಗ್ರೌಟಿಂಗ್ ಬರೆದುಕೊಟ್ಟೆವು.